ಗ ಅಂದರೆ ಯಾವ ಗ?

ನಮ್ಮೂರು ಕಣಗಲಾ. ಸಂಕೇಶ್ವರ ದಾಟಿ ನಿಪ್ಪಾಣಿ ಕಡೆ ಹೊರಟರೆ ಹೆದ್ದಾರಿ ಪಕ್ಕದಲ್ಲೇ ಸಿಗುತ್ತದೆ. ಕೊಲ್ಹಾಪುರ ಹತ್ತಿರ, ಬೆಂಗಳೂರು ದೂರ. ಹಾಗಾಗಿ ನನ್ನ ಕಿವಿಗೆ ಮೊದಲು ಬಿದ್ದಿದ್ದು ಗುಡಿಯ ಭಜನೆಯ ಪೇಟಿ, ತಬಲಾ, ತಾಳ. ಕರ್ನಾಟಕ ಸಂಗೀತ ಅನ್ನೋದು ಟಿವಿಯಲ್ಲಿ ಮಾತ್ರ ಇತ್ತು. ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಮನೆ ಹತ್ತಿರದ ಟೀಚರೊಬ್ಬರ ಹತ್ತಿರ ಹಾಡು ಕಲಿಯೋಕೆ ಶುರು ಮಾಡಿದೆ. ಆರನೇ ವರ್ಷ ನಡೀತಿದೆ.

ಟೀಚರಿಗೆ ಆನ್‌ಲೈನಿನಲ್ಲಿ ನಾಲ್ಕೈದು ವಿದೇಶಿ ವಿದ್ಯಾರ್ಥಿಗಳಿದ್ದಾರೆ. "ನಿನಗೆ ಇಂಗ್ಲಿಷ್ ಸಲೀಸು, ರಾಗ, ತಾಳ, ಸ್ವರ ಅಂದರೆ ಏನು ಅಂತ ಎರಡು ಪುಟ ಬರೆದುಕೊಡಪ್ಪ" ಅಂದರು. ಆಫೀಸಲ್ಲಿ ದಿನಾ ಡಾಕ್ಯುಮೆಂಟ್ ಬರೆಯೋನು ನಾನು, ಒಂದು ಸಂಜೆಯಲ್ಲಿ ಮುಗಿಸಿಬಿಟ್ಟೆ. ಸ್ವರ ಅಂದರೆ ನೋಟ್. ರಾಗ ಅಂದರೆ ಸ್ಕೇಲ್. ತಾಳ ಅಂದರೆ ಬೀಟ್, ಆದಿತಾಳ ಅಂದರೆ ಎಂಟು ಬೀಟ್. ಟೀಚರ್ ಓದಿ, "ಸರಿ ಇದೆ ಅನ್ಸತ್ತೆ" ಅಂದರು. ಆ "ಅನ್ಸತ್ತೆ" ನನಗೆ ಆಗ ಕೇಳಿಸಲಿಲ್ಲ.

ವಿದ್ಯಾರ್ಥಿಗಳಲ್ಲಿ ಪೋಲೆಂಡಿನ ಒಬ್ಬಳು ಹುಡುಗಿ ಪಿಯಾನೋ ಕಲಿತವಳು. ಮಾಯಾಮಾಳವಗೌಳದ ವರಸೆಗಳು, ಗೀತೆ ಎಲ್ಲ ಮುಗಿಸಿ ತೋಡಿ ರಾಗದ ವರ್ಣಕ್ಕೆ ಬಂದಿದ್ದಳು. ಟೀಚರ್ ಊರಲ್ಲಿ ಇರದ ಒಂದು ತಿಂಗಳು ನನ್ನ ಎರಡು ಪುಟವನ್ನೇ ನಂಬಿಕೊಂಡು ಅಭ್ಯಾಸ ಮಾಡಿದಳು. ರಾಗ ಅಂದರೆ ಸ್ಕೇಲ್ ತಾನೇ? ತೋಡಿಯ ಸ್ವರಗಳು ಶುದ್ಧ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದ. ಅವಳಿಗೆ ಗೊತ್ತಿದ್ದ ಫ್ರಿಜಿಯನ್ ಅನ್ನೋ ಪಾಶ್ಚಾತ್ಯ ಸ್ಕೇಲಿನಲ್ಲೂ ಅವೇ ಮನೆಗಳು. ಕೀಬೋರ್ಡಿನಲ್ಲಿ ಆ ಏಳು ಮನೆ ಒತ್ತಿಕೊಂಡು, ಅದಕ್ಕೆ ಸರಿಯಾಗಿ ದನಿ ಕೂಡಿಸಿ ಹಾಡಿ, ರೆಕಾರ್ಡ್ ಮಾಡಿ ನನಗೆ ಕಳಿಸಿದಳು. ಒಂದು ಸ್ವರವೂ ಅಪಸ್ವರ ಇರಲಿಲ್ಲ.

ಆ ವಾರ ನಾನು ಊರಲ್ಲಿದ್ದೆ. ಪಡಸಾಲೆಯಲ್ಲಿ ಕೂತು ಫೋನಿನಲ್ಲಿ ಅದನ್ನು ಕೇಳ್ತಾ ಇದ್ದೆ. ಭಜನೆಯಲ್ಲಿ ಪೇಟಿ ಬಾರಿಸೋ ನಮ್ಮ ಕಾಕಾ ಒಳಗಿಂದ ಬಂದು ನಿಂತರು.

"ಯಾರ ಹಾಡಾಕತ್ತಾರೋ ತಮ್ಮಾ? ಛಲೋ ಐತಲ್ಲ. ಭೈರವಿ."

"ಭೈರವಿ ಅಲ್ಲ ಕಾಕಾ, ತೋಡಿ."

"ಇದು ತೋಡಿ? ಏನ್ ಮಾತಾಡ್ತಿ? ಭಜನಿ ಮುಗಿಸೂಮುಂದ ದಿನಾ ಬಾರಸ್ತೀನಿ, ನನಗ ತಿಳಿಯೂದಿಲ್ಲೇನು?"

ಕಾಕಾ ಹೇಳಿದ್ದು ಸರಿಯೇ. ಹಿಂದೂಸ್ತಾನಿ ಭೈರವಿಯ ಮೂಲ ಮನೆಗಳೂ ನಮ್ಮ ತೋಡಿಯ ಮನೆಗಳೂ ಒಂದೇ. ಅವರು ತೋಡಿ ಅಂತ ಕರೆಯೋದು ಬೇರೆಯೇ ರಾಗ, ಅದರ ಮನೆಗಳು ನಮ್ಮಲ್ಲಿ ಶುಭಪಂತುವರಾಳಿಗೆ ಸೇರುತ್ತವೆ. ನಮ್ಮ ಭೈರವಿ ಇನ್ನೂ ಬೇರೆ. ಇದು ಪುಸ್ತಕದಲ್ಲಿ ಓದಿದ್ದೇ. ಆದರೆ ತೋಡಿ ಅಂತ ಹಾಡಿದ್ದು ಪಳಗಿದ ಕಿವಿಗೆ ಭೈರವಿಯಾಗಿ ಕೇಳಿಸಿತು ಅಂದರೆ ಅದರಲ್ಲಿ ತೋಡಿ ಇರಲೇ ಇಲ್ಲ ಅಂತಲೇ ಅರ್ಥ. ಅವಳ ತಪ್ಪೇನೂ ಇಲ್ಲ. ನಾನು ಬರೆದುಕೊಟ್ಟಿದ್ದನ್ನು ಅವಳು ಅಕ್ಷರಶಃ ಪಾಲಿಸಿದ್ದಳು.

ಬೆಂಗಳೂರಿಗೆ ಬಂದು ಟೀಚರ್ ಮುಂದೆ ಒಪ್ಪಿಕೊಂಡೆ. ಬೈತಾರೆ ಅಂದುಕೊಂಡಿದ್ದೆ. ಅವರು, "ಎಲ್ಲಿ, ತೋಡಿಯ ಗಾಂಧಾರ ಹಾಡು" ಅಂದರು. ಹಾಡಿದೆ. "ಈಗ ಅದರ ಮೇಲೆ ಅಲ್ಲಾಡದೆ ನಿಂತುಕೋ" ಅಂದರು. ನಿಂತೆ. ಎರಡೇ ಸೆಕೆಂಡಿನಲ್ಲಿ ರಾಗ ಮಾಯ. ಪೋಲೆಂಡ್ ಹುಡುಗಿ ಹಾಡಿದ್ದೇ ನನ್ನ ಬಾಯಲ್ಲೂ ಬಂತು.

ರಾತ್ರಿ ಕೂತು ಟೀಚರ್ ಹಾಡಿದ ಆ ತುಣುಕನ್ನು ಸ್ವರದ ಏರಿಳಿತ ಗೆರೆಯಾಗಿ ತೋರಿಸುವ ಒಂದು ಸಾಫ್ಟ್‌ವೇರಿಗೆ ಹಾಕಿದೆ. ಲೆಕ್ಕಕ್ಕೆ ಸುಲಭ ಅಂತ ಷಡ್ಜ 200 ಹರ್ಟ್ಸ್ ಅಂದುಕೊಳ್ಳಿ. ಆಗ ಶುದ್ಧ ರಿಷಭ ಸುಮಾರು 213, ಸಾಧಾರಣ ಗಾಂಧಾರ 240, ಶುದ್ಧ ಮಧ್ಯಮ 267. ಕೀಬೋರ್ಡಿನ ಗಾಂಧಾರ 240ರ ಆಸುಪಾಸಿನಲ್ಲಿ ಅಡ್ಡಗೆರೆ ಎಳೆದ ಹಾಗೆ ನಿಲ್ಲುತ್ತದೆ. ಟೀಚರ್ ಬಾಯಲ್ಲಿ "ಗ" ಅನ್ನೋ ಅಕ್ಷರ ಇದ್ದಷ್ಟು ಹೊತ್ತೂ ಗೆರೆ ಮಧ್ಯಮದ ಕಡೆ ಏರಿ, ರಿಷಭದ ಕಡೆ ಇಳಿದು, ಮತ್ತೆ ಏರುತ್ತಿತ್ತು. 240 ಅದು ಹಾದುಹೋಗುವ ದಾರಿ ಅಷ್ಟೇ, ನಿಲ್ಲುವ ಜಾಗ ಅಲ್ಲ. ಈ ಓಲಾಟವೇ ಗಮಕ. ಅದನ್ನು ಸ್ವರಕ್ಕೆ ಆಮೇಲೆ ಹಚ್ಚುವ ಅಲಂಕಾರ ಅಂತ ನಾನು ಪುಟದಲ್ಲಿ ಒಂದು ಸಾಲು ಬರೆದಿದ್ದೆ. ತೋಡಿಯಲ್ಲಿ ಆ ಓಲಾಟವನ್ನು ತೆಗೆದರೆ ಗಾಂಧಾರವೇ ಉಳಿಯೋದಿಲ್ಲ.

"ಸ್ಕೇಲ್ ಅನ್ನೋ ಮಾತು ಪೂರ್ತಿ ಸುಳ್ಳಲ್ಲ, ಸಾಲೋದಿಲ್ಲ" ಅಂದರು ಟೀಚರ್. ಆರಭಿ, ದೇವಗಾಂಧಾರಿ ಎರಡನ್ನೂ ಹಾಡಿ ತೋರಿಸಿದರು. ಎರಡರ ಆರೋಹಣವೂ ಸ ರಿ ಮ ಪ ದ ಸ, ಅವರೋಹಣವೂ ಸ ನಿ ದ ಪ ಮ ಗ ರಿ ಸ, ಸ್ವರದ ಮನೆಗಳೂ ಅವೇ. ಆದರೆ ಆರಭಿ ಚುರುಕಾಗಿ, ಸ್ವರಗಳನ್ನು ನೇರ ಮುಟ್ಟುತ್ತಾ ಓಡುತ್ತದೆ. ದೇವಗಾಂಧಾರಿ ನಿಧಾನಕ್ಕೆ, ಎಳೆದು, ತೂಗಿ ಬರುತ್ತದೆ. ಸ್ಕೇಲ್ ಬರೆದ ಕಾಗದ ನೋಡಿದರೆ ಇವೆರಡೂ ಒಂದೇ ರಾಗ.

ತಾಳದ ಸಾಲನ್ನೂ ತಿದ್ದಬೇಕಾಯ್ತು. ಎಂಟು ಬೀಟ್ ಅಂದಿದ್ದಕ್ಕೆ ಹುಡುಗಿ ಮೆಟ್ರೋನೋಮ್ ಹಾಕಿ ಒಂದೇ ಥರದ ಎಂಟು ಟಿಕ್ ಎಣಿಸುತ್ತಿದ್ದಳು. ಆದಿತಾಳದ ಎಂಟು ಅಕ್ಷರ ಒಂದೇ ಥರ ಇಲ್ಲ. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಇಷ್ಟು ನಾಲ್ಕು. ಆಮೇಲೆ ಪೆಟ್ಟು ಮತ್ತು ಅಂಗೈ ತಿರುವು, ಎರಡು ಸಲ. ಪೆಟ್ಟಿನ ಜೊತೆಗೇ ಶುರುವಾಗದೆ ಸ್ವಲ್ಪ ಬಿಟ್ಟು ಎತ್ತುವ ಕೃತಿಗಳಿವೆ. ಅಂಥಲ್ಲಿ ದಾರಿ ತಪ್ಪಿದರೆ, ಎಲ್ಲಿದ್ದೇವೆ ಅಂತ ಕೈಯೇ ಹೇಳುತ್ತದೆ. ಟಿಕ್ ಹೇಳೋದಿಲ್ಲ.

ವಿದೇಶದವರಿಗೆ ಇದು ಬರೋದೇ ಇಲ್ಲ ಅಂತೇನೂ ಅಲ್ಲ. ಅಮೆರಿಕದ ಜಾನ್ ಹಿಗಿನ್ಸ್ ಅಲ್ಲಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಕಲಿಯಲು ಶುರು ಮಾಡಿ, ಆಮೇಲೆ ಮದ್ರಾಸಿಗೆ ಬಂದು ಗುರುಗಳ ಎದುರು ಕೂತು ಕಲಿತವರು. ಹಿಗಿನ್ಸ್ ಭಾಗವತರ್ ಅಂತಲೇ ಹೆಸರಾದರು. ಅವರು ಹಾಡಿದ 'ಕೃಷ್ಣಾ ನೀ ಬೇಗನೆ ಬಾರೋ' ಕೇಳಿದರೆ ಕನ್ನಡ ಅವರ ಮನೆಮಾತಲ್ಲ ಅನ್ನೋದು ಮರೆತುಹೋಗುತ್ತೆ.

ಪೋಲೆಂಡ್ ಹುಡುಗಿಗೆ ಕ್ಷಮೆ ಕೇಳಿ ಮೇಲ್ ಬರೆದೆ. ಟೀಚರ್ ಅವಳ ಕೀಬೋರ್ಡನ್ನು ಮುಚ್ಚಿಸಿ ತಂಬೂರಿ ಶ್ರುತಿ ಮಾತ್ರ ಇಟ್ಟುಕೊಳ್ಳೋಕೆ ಹೇಳಿದರು. ಮೊದಲು ನಿಧಾನವಾಗಿ ಮ ರಿ ಮ ರಿ ಅಂತ ಹಾಡಿಸಿದರು. ಆಮೇಲೆ ಅಕ್ಷರ ಬಿಟ್ಟು ಅಕಾರದಲ್ಲಿ. ಕೊನೆಗೆ ಗಂಟಲು ಅದನ್ನೇ ಮಾಡುತ್ತಿರುವಾಗ ಬಾಯಲ್ಲಿ "ಗ" ಅನ್ನಿಸಿದರು. ಮೊದಲ ವಾರ ಅವಳ ದನಿ ಸುಮ್ಮನೆ ನಡುಗಿದ ಹಾಗೆ ಕೇಳಿಸುತ್ತಿತ್ತು, ಯಾಕೆಂದರೆ ಅವಳು 240ರ ಅಕ್ಕಪಕ್ಕವೇ ಸುತ್ತುತ್ತಿದ್ದಳು, ಮಧ್ಯಮದವರೆಗೆ ಹೋಗುತ್ತಲೇ ಇರಲಿಲ್ಲ. ಸ್ವರ ತಪ್ಪುತ್ತದೇನೋ ಅನ್ನೋ ಭಯ. ಒಂದು ತಿಂಗಳು ಕೂರಿಸಿಕೊಂಡ ಅಭ್ಯಾಸ ಬಿಡಿಸೋಕೆ ಮೂರು ತಿಂಗಳು ಹಿಡಿಯಿತು.

ನನ್ನ ಎರಡು ಪುಟದಲ್ಲಿ ಈಗ "ರಾಗ ಅಂದರೆ" ಅಂತ ಶುರುವಾಗುವ ವಾಕ್ಯವೇ ಇಲ್ಲ. ಆ ಜಾಗದಲ್ಲಿ ಟೀಚರ್ ಹಾಡಿದ ಮೂರು ಆಡಿಯೋ ಇವೆ.

ದೀಪಾವಳಿಗೆ ಊರಿಗೆ ಹೋದಾಗ ಅವಳ ಹೊಸ ರೆಕಾರ್ಡಿಂಗನ್ನು ಕಾಕಾಗೆ ಕೇಳಿಸಿದೆ. ಪೇಟಿಯ ಮೇಲೆ ಅವರ ಬೆರಳು ಗಾಂಧಾರ ಹುಡುಕಿತು, ಸಿಗಲಿಲ್ಲ. ಮತ್ತೊಮ್ಮೆ ಹಾಕು ಅಂದರು. ಕೇಳಿ, ಪೇಟಿಯ ಭಾತೆ ಮುಚ್ಚಿದರು.

"ಇದು ನಮ್ಮ ಭೈರವಿ ಅಲ್ಲ ಬಿಡು" ಅಂದರು.