ಡೌನ್ ಜಾಕೆಟ್ ಒಣಗಿದೆಯಾ? ಕೈ ಕೇಳ್ಬೇಡಿ, ತಕ್ಕಡಿ ಕೇಳಿ

ಭಾಗ 1/6
ಮೊದಲ ಫೋಟೋದಲ್ಲಿರೋದು ನಮ್ಮ ಅಕ್ಕನ ಜಾಕೆಟ್. ಒದ್ದೆ ಕೋಳಿ ಥರ ಕಾಣ್ತಿದೆ ಅಲ್ವಾ? ಅದಕ್ಕೆ ಕಾರಣ ನಾನೇ.

ಅಕ್ಕ ಇರೋದು ಕೆನಡಾದ ಕ್ಯಾಲ್ಗರಿಯಲ್ಲಿ. ಹೋದ ಸಲ ಊರಿಗೆ ಬಂದಾಗ ಈ ಜಾಕೆಟ್‌ನ ಮನೇಲೇ ಬಿಟ್ಟು ಹೋದ್ಲು. ನಾನು ಅದನ್ನ ಕೇದಾರಕಂಠ ಟ್ರೆಕ್‌ಗೆ ಹಾಕ್ಕೊಂಡು ಹೋದೆ. ಆರು ದಿನದ ಬೆವರು, ಕಾಲರ್‌ಗೆ ತಲೆ ಎಣ್ಣೆ, ತೋಳಿನ ಮೇಲೆ ಮ್ಯಾಗಿ ಸಾರು. ವಾಪಸ್ ಬಂದು ಬೀರುಗೆ ತುರುಕಿ ಮರೆತೇಬಿಟ್ಟೆ. ಜುಲೈನಲ್ಲಿ ಅಕ್ಕನ ಫೋನ್ ಬಂತು: "ಡಿಸೆಂಬರ್‌ನಲ್ಲಿ ಬರ್ತೀನಿ ಕಣೋ, ವಾಪಸ್ ಹೋಗುವಾಗ ಆ ಜಾಕೆಟ್ ಬೇಕು, ತೆಗೆದಿಡು." ಅಲ್ಲಿ ಮೈನಸ್ 20 ಇರುತ್ತೆ, ಏರ್‌ಪೋರ್ಟ್‌ನಿಂದ ಹೊರಗೆ ಕಾಲಿಡೋಕೆ ಅದು ಬೇಕೇ ಬೇಕು. ಹೊಸದು ಕೊಡ್ಸೋಣ ಅಂದ್ರೆ ನನ್ನ ಎರಡು ಸೆಮಿಸ್ಟರ್ ಫೀಸಿನಷ್ಟು ರೇಟು.

ಗಾಬರಿಯಾಗಿ ಅವತ್ತೇ ಒಗೆದೆ. ಜುಲೈನಲ್ಲಿ. ಮಾರನಹಳ್ಳಿಯಲ್ಲಿ. ನಮ್ಮ ಕಡೆ ಮಳೆ ನೋಡಿರೋರಿಗೆ ಮುಂದಿನ ಕಥೆ ಹೇಳೋದೇ ಬೇಡ.

ಭಾಗ 2/6
ಮೊದಲು ಒಂದು ವಿಷಯ ಅರ್ಥ ಮಾಡ್ಕೊಳ್ಳಿ, ಆಮೇಲೆ ಎಲ್ಲಾ ಸುಲಭ. ಡೌನ್ ಅಂದ್ರೆ ಬಾತುಕೋಳಿಯ ಎದೆ ಭಾಗದಲ್ಲಿ ದೊಡ್ಡ ಗರಿಗಳ ಕೆಳಗೆ ಇರೋ ಮೆತ್ತನೆ ತುಪ್ಪಳ. ಗರಿಗೆ ಇರೋ ಹಾಗೆ ಇದಕ್ಕೆ ನಡುವೆ ಕಡ್ಡಿ ಇರಲ್ಲ. ಎಕ್ಕದ ಬೀಜ ಗಾಳೀಲಿ ಹಾರುತ್ತಲ್ಲ, ಸುಮಾರಾಗಿ ಹಂಗೇ, ಎಲ್ಲಾ ಕಡೆಗೂ ಹರಡಿರೋ ಎಳೆಗಳ ಉಂಡೆ. ಬೆಚ್ಚಗಿಡೋದು ಆ ಎಳೆ ಅಲ್ಲ, ಎಳೆಗಳ ಮಧ್ಯೆ ಸಿಕ್ಕಿಬಿದ್ದ ಗಾಳಿ. ಜಾಕೆಟ್ ಎಷ್ಟು ಉಬ್ಬಿರುತ್ತೋ ಅಷ್ಟು ಗಾಳಿ, ಅಷ್ಟು ಬಿಸಿ. ಮೈ ಎಣ್ಣೆಯಿಂದಲೋ ನೀರಿನಿಂದಲೋ ಎಳೆಗಳು ಒಂದಕ್ಕೊಂದು ಅಂಟಿಕೊಂಡ್ರೆ ಉಂಡೆ ಹೋಗಿ ಗಂಟಾಗುತ್ತೆ. ಆಗ ಜಾಕೆಟ್ ಬರೀ ಎರಡು ಪದರ ನೈಲಾನ್ ಬಟ್ಟೆ, ಅಷ್ಟೇ.

ನಿಮ್ಮ ಹತ್ರ ಇರೋದು ಡೌನ್ ಹೌದೋ ಅಲ್ವೋ ಅಂತ ಒಳಗಿನ ಲೇಬಲ್ ನೋಡಿ. "80% ಡೌನ್, 20% ಫೆದರ್" ಅಂತಿದ್ರೆ ಈ ಕಥೆ ನಿಮಗೇ. "100% ಪಾಲಿಯೆಸ್ಟರ್ ಫಿಲ್ಲಿಂಗ್" ಅಂತಿದ್ರೆ ಅದು ಬರೀ ಪ್ಯಾಡೆಡ್ ಕೋಟು, ಒಳಗೆ ಪ್ಲಾಸ್ಟಿಕ್ ನೂಲಿನ ಹಾಸು ಇರುತ್ತೆ. ನಮ್ಮ ಕ್ಲಾಸಲ್ಲಿ ಮುಕ್ಕಾಲು ಪಾಲು ಜನರ ಹತ್ರ ಇರೋದು ಇದೇ. ಅದನ್ನ ತಣ್ಣೀರಲ್ಲಿ ಮೆಲ್ಲಗೆ ಒಗೆದು, ಹಿಂಡದೆ ನೇತು ಹಾಕಿದ್ರೂ ನಡೆಯುತ್ತೆ, ಬೇಗ ಒಣಗುತ್ತೆ. ಆದ್ರೆ ಒಂದು ಮಾತು: ಆ ಹಾಸು ವರ್ಷಗಟ್ಟಲೆ ಮಡಚಿ ಅಮುಕಿ ಚಪ್ಪಟೆ ಆಗಿದ್ರೆ ಎಷ್ಟು ಬಡಿದ್ರೂ ಪೂರ್ತಿ ಮೇಲೇಳಲ್ಲ. ಡೌನ್ ಏಳುತ್ತೆ.

ಭಾಗ 3/6
ಜುಲೈನಲ್ಲಿ ನಾನು ಮಾಡಿದ ತಪ್ಪುಗಳು, ಒಂದೊಂದಾಗಿ.

ಬಟ್ಟೆ ಒಗೆಯೋ ಮಾಮೂಲಿ ಪುಡಿ ಹಾಕಿದೆ. ತುಂಬಾ ಪುಡಿಗಳಲ್ಲಿ ಪ್ರೋಟೀನ್ ಕಲೆ ಕರಗಿಸೋ ಎನ್ಝೈಮ್ ಇರುತ್ತೆ. ಪುಕ್ಕವೂ ಪ್ರೋಟೀನೇ ಅಲ್ವಾ? ಜೊತೆಗೆ ತುಪ್ಪಳಕ್ಕೆ ಹುಟ್ಟಿನಿಂದ ಬಂದ ತೆಳು ಎಣ್ಣೆ ಪಸೆಯನ್ನೂ ಅದು ತೊಳೆದುಬಿಡುತ್ತೆ. ಪಸೆ ಹೋದ್ರೆ ಎಳೆ ಒರಟಾಗಿ ಮುರಿಯುತ್ತೆ.

ಎರಡನೇದು, ಬೆಡ್‌ಶೀಟ್ ಹಿಂಡಿದ ಹಾಗೆ ತಿರುಚಿ ಹಿಂಡಿದೆ. ಮೂರನೇದು, ಜಗಲಿ ತಂತಿಗೆ ಟೋಪಿ ಹಿಡಿದು ನೇತು ಹಾಕಿದೆ. ನೀರಿನ ಭಾರಕ್ಕೆ ಪುಕ್ಕವೆಲ್ಲ ಪ್ರತಿ ಹೊಲಿಗೆ ಸಾಲಿನ ಕೆಳಗೆ ಜಾರಿ ಕೂತ್ಕೊಂಡ್ತು.

ಎಲ್ಲಕ್ಕಿಂತ ದೊಡ್ಡ ತಪ್ಪು ನಾಲ್ಕನೇದು. ಮೂರು ದಿನ ಆದಮೇಲೆ ಮುಟ್ಟಿ ನೋಡಿದೆ, ಒಣಗಿತ್ತು. ಮಡಚಿ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಇಟ್ಟೆ. ಹದಿನೈದು ದಿನಕ್ಕೆ ಬೀರು ತೆಗೆದ್ರೆ ಒದ್ದೆ ನಾಯಿ ವಾಸನೆ! ಹೊರಗಿನ ನೈಲಾನ್ ಒಣಗಿತ್ತು, ಒಳಗಿನ ಗಂಟು ಒಣಗಿರಲಿಲ್ಲ. ಮಳೆಗಾಲದಲ್ಲಿ ನಮ್ಮೂರ ಗಾಳಿಯೇ ಒದ್ದೆ. ಪುಕ್ಕ ಆ ತೇವ ಬಿಡೋದಿರ್ಲಿ, ಗಾಳಿಯಿಂದಲೇ ಎಳ್ಕೊಳ್ಳುತ್ತೆ.

ಬಚ್ಚಲ ಹಂಡೆ ಒಲೆ ಹತ್ರ ಇಟ್ಟು ನೋಡೋಣ ಅಂತ ಹೋದೆ. ಅಮ್ಮ ಬೈದ್ರು: "ಒಂದು ಕಿಡಿ ಹಾರಿದ್ರೆ ಸಾಕು, ತೂತು ಬೀಳ್ತದೆ. ಅವಳು ಬಂದು ನಿನ್ನ ಚರ್ಮ ಸುಲೀತಾಳೆ." ಅಮ್ಮ ಹೇಳಿದ್ದು ಸರಿ. ತೆಳು ನೈಲಾನ್ ಕಿಡಿಗೆ ಕ್ಷಣದಲ್ಲಿ ಕರಗುತ್ತೆ, ಹೊಗೆ ವಾಸನೆ ಬೇರೆ ಫ್ರೀ.

ಭಾಗ 4/6
ಪರಿಹಾರ ಹೇಳಿದ್ದು ಅಪ್ಪ, ಅದೂ ಕಾಫಿ ಕಣದಲ್ಲಿ ನಿಂತ್ಕೊಂಡು. "ಬೀಜ ಮೇಲೆ ಒಣಗಿದೆ ಅಂತ ಮೂಟೆ ಕಟ್ಟಿದ್ರೆ ಏನಾಗ್ತದೆ?" ಅಂದ್ರು. "ಬೂಸ್ಟು ಬರ್ತದೆ" ಅಂದೆ. "ಮತ್ತೆ? ನಾವು ಹೆಂಗೆ ನೋಡ್ತೀವಿ?" ನಾವು 40 ಲೀಟರ್ ಅಳತೆ ಡಬ್ಬಕ್ಕೆ ತುಂಬಿ ತೂಗ್ತೀವಿ. ದಿನಾ ತೂಕ ಇಳೀತಾ ಬರುತ್ತೆ. ಇಳಿಯೋದು ನಿಂತ ದಿನ ಒಣಗಿದೆ ಅಂತ ಅರ್ಥ. ಕೈಗೆ ಗೊತ್ತಾಗದ್ದು ತಕ್ಕಡಿಗೆ ಗೊತ್ತಾಗುತ್ತೆ.

ಹಾಗಾಗಿ ನವೆಂಬರ್ ಬಿಸಿಲಿಗೆ ಕಾದೆ. ಈ ಸಲ ಮೊದಲು ಮಾಡಿದ ಕೆಲಸ: ಏಲಕ್ಕಿ ತೂಗೋ ಡಿಜಿಟಲ್ ತಕ್ಕಡಿ ಮೇಲೆ ಜಾಕೆಟ್ ಇಟ್ಟೆ. 428 ಗ್ರಾಂ. ನೆಲದ ಮೇಲೆ ಹರಡಿ ಎದೆ ಭಾಗಕ್ಕೆ ಸ್ಕೇಲ್ ನಿಲ್ಲಿಸಿದೆ. ಉಬ್ಬು ಬರೀ 2 ಸೆಂಟಿಮೀಟರ್. ಎರಡನ್ನೂ ಅಕೌಂಟ್ಸ್ ನೋಟ್‌ಬುಕ್ ಹಿಂದೆ ಬರ್ಕೊಂಡೆ (ಓಪನಿಂಗ್ ಬ್ಯಾಲೆನ್ಸ್!).

ಆಮೇಲೆ ಒಗೆತ. ಜೇಬು ಖಾಲಿ ಮಾಡಿ, ಜಿಪ್ ಹಾಕಿ, ಎಲ್ಲಾದ್ರೂ ತೂತಿದೆಯಾ ನೋಡಿ. ಇದ್ರೆ ಮೊದಲು ಟೇಪ್ ಹಚ್ಚಿ, ಇಲ್ದಿದ್ರೆ ಪುಕ್ಕ ಆಚೆ ಬರುತ್ತೆ. ಟ್ರೆಕ್ಕಿಂಗ್ ಸಾಮಾನು ಮಾರೋ ಕಡೆ "ಡೌನ್ ವಾಷ್" ಅಂತ ಲಿಕ್ವಿಡ್ ಸಿಗುತ್ತೆ, ಬಾಟಲಿ ಮೇಲೆ ಹೇಳಿದಷ್ಟೇ ಹಾಕಿ. ಕಾಲರ್ ಎಣ್ಣೆಗೆ ಅದನ್ನೇ ಒಂದೆರಡು ಹನಿ ಹಚ್ಚಿ ಬೆರಳಲ್ಲಿ ಮೆಲ್ಲಗೆ ತಿಕ್ಕಿ. ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು, 30 ಡಿಗ್ರಿ ದಾಟೋದು ಬೇಡ. ಜಾಕೆಟ್ ತೇಲುತ್ತೆ, ಒಳಗೆ ಗಾಳಿ ಇದೆಯಲ್ಲ. ಅಂಗೈಯಲ್ಲಿ ಅಮುಕಿ ಅಮುಕಿ ಗುಳ್ಳೆ ಬಿಡಿಸಿ ಮುಳುಗಿಸಿ. ಕಾಲು ಗಂಟೆ ನೆನೆದ ಮೇಲೆ ಒತ್ತಿ ಒತ್ತಿ ತೊಳೀರಿ. ತಿಕ್ಕೋದಿಲ್ಲ, ಬ್ರಷ್ ಇಲ್ಲ, ಕಲ್ಲಿಗೆ ಬಡಿಯೋದಂತೂ ಇಲ್ಲವೇ ಇಲ್ಲ. ನೊರೆ ಹೋಗೋವರೆಗೂ ಹೊಸ ನೀರು ಹಾಕ್ತಾ ಇರಿ. ನಂಗೆ ಆರು ಸಲ ಬೇಕಾಯ್ತು, ಜುಲೈ ಪುಡಿಯೂ ಒಳಗೇ ಕೂತಿತ್ತು. ಸೋಪು ಉಳಿದ್ರೆ ಎಳೆ ಮತ್ತೆ ಅಂಟುತ್ತೆ. ಕಂಫರ್ಟ್ ಥರದ್ದು ಹಾಕ್ಬೇಡಿ, ಅದೂ ಅಂಟೇ.

ಎತ್ತುವಾಗ ತೋಳು ಹಿಡಿದು ಎಳೀಬೇಡಿ. ಒದ್ದೆ ಪುಕ್ಕ ಭಾರ, ಒಳಗಿನ ಹೊಲಿಗೆ ಕಿತ್ತು ಬರುತ್ತೆ. ಮಗು ಎತ್ಕೊಂಡ ಹಾಗೆ ಎರಡೂ ಕೈ ಕೆಳಗೆ ಹಾಕಿ ಎತ್ತಿ. ದೊಡ್ಡ ಟವೆಲ್ ಮೇಲೆ ಇಟ್ಟು, ಚಾಪೆ ಥರ ಸುತ್ತಿ, ಮೇಲಿಂದ ಒತ್ತಿ. ಮೂರು ಟವೆಲ್ ನೆನೆದ್ವು. ಮತ್ತೆ ತೂಕ: 1,160 ಗ್ರಾಂ.

ಭಾಗ 5/6
ಒಣಗಿಸೋದೇ ಅಸಲಿ ಕೆಲಸ. ಅಪಾರ್ಟ್‌ಮೆಂಟಲ್ಲಿ ಬಿಸಿ ಗಾಳಿಯ ಡ್ರೈಯರ್ ಮೆಷಿನ್ ಇರೋರಿಗೆ ಎರಡು ಮೂರು ಗಂಟೆ ಸಾಕು. ಅತಿ ಕಡಿಮೆ ಬಿಸಿಯಲ್ಲಿಟ್ಟು, ಜೊತೆಗೆ ಎರಡು ಮೂರು ಶುಭ್ರ ಟೆನಿಸ್ ಬಾಲ್ ಹಾಕಿ, ಅರ್ಧ ಗಂಟೆಗೊಮ್ಮೆ ತೆಗೆದು ಗಂಟು ಬಿಡಿಸಿ. ಬಾಲ್ ಬಡಿದು ಬಡಿದು ಪುಕ್ಕದ ಗಂಟು ಒಡೆಯುತ್ತೆ.

ನಮ್ಮನೇಲಿ ಅದೆಲ್ಲಿ? ಕಣದ ಪಕ್ಕ ನೈಲಾನ್ ಬಲೆ ಕಟ್ಟಿದ ಮಂಚ ಇದೆ. ಜಾಕೆಟ್ ಒಳಮಗ್ಗುಲು ತಿರುಗಿಸಿ ಅದರ ಮೇಲೆ ಮಲಗಿಸಿದೆ. ಹೀಗೆ ಮಾಡಿದ್ರೆ ಹೊರಗಿನ ಬಣ್ಣ ಬಿಸಿಲಿಗೆ ಮಾಸಲ್ಲ, ಕೆಳಗಿನಿಂದಲೂ ಗಾಳಿ ಆಡುತ್ತೆ, ಪುಕ್ಕ ಒಂದೇ ಕಡೆ ಜಾರಲ್ಲ. ಅರ್ಧ ಗಂಟೆಗೊಮ್ಮೆ ಮಗುಚಿ ಹಾಕೋದು, ಅಪ್ಪ ಕಾಫಿ ಎಳೀತಿದ್ರು, ನಾನು ಜಾಕೆಟ್ ಮಗುಚ್ತಿದ್ದೆ. ಮಗುಚಿದಾಗೆಲ್ಲ ಪ್ರತಿ ಪಟ್ಟಿಯಲ್ಲೂ ಗಂಟು ಹುಡುಕಿ, ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಮೆಲ್ಲಗೆ ಬಿಡಿಸಿ. ಎಳೆದು ಕೀಳೋದಲ್ಲ, ಹತ್ತಿ ಬಿಡಿಸಿದ ಹಾಗೆ. ಸಂಜೆ ಐದಕ್ಕೆ ಒಳಗೆ ತನ್ನಿ. ಇಬ್ಬನಿ ಬಿದ್ರೆ ಇಡೀ ದಿನದ ದುಡಿಮೆ ವಾಪಸ್.

ಮೊದಲ ದಿನ ಸಂಜೆ 640 ಗ್ರಾಂ. ಎರಡನೇ ದಿನ 470. ಇಲ್ಲೇ ಎಲ್ರೂ ಮೋಸ ಹೋಗೋದು! ಮುಟ್ಟಿದ್ರೆ ಪೂರ್ತಿ ಒಣಗಿತ್ತು. ಜುಲೈನಲ್ಲಿ ಆಗಿದ್ರೆ ಇದನ್ನೇ ಮಡಚಿ ಇಡ್ತಿದ್ದೆ. ಆದ್ರೆ ಬೆಳಕಿಗೆ ಹಿಡಿದ್ರೆ ಒಳಗೆ ಕಪ್ಪು ಕಪ್ಪು ಗಂಟು ಕಾಣ್ತಿತ್ತು, ಕೆನ್ನೆಗೆ ಒತ್ತಿದ್ರೆ ಅಲ್ಲಲ್ಲಿ ತಣ್ಣಗೆ. ಮೂರನೇ ದಿನ 421. ನಾಲ್ಕನೇ ದಿನ ಮಧ್ಯಾಹ್ನ 409, ಸಂಜೆಗೂ 409. ನಿಂತ್ತು! ಒಗೆಯೋ ಮುಂಚಿನ 428ಕ್ಕೂ ಇದಕ್ಕೂ ಇರೋ 19 ಗ್ರಾಂ ವ್ಯತ್ಯಾಸ ಹೋದ ಕೊಳೆ, ಸೋಪು, ಹಳೇ ತೇವ.

ಭಾಗ 6/6
ಉಬ್ಬು ಇನ್ನೂ 3 ಸೆಂಟಿಮೀಟರ್ ಅಷ್ಟೇ ಇತ್ತು. ಕೊನೆಗೆ ಡ್ರೈಯರ್ ಕೆಲಸವನ್ನ ಕೈಯಲ್ಲೇ ಮಾಡಿದೆ. ಜಾಕೆಟ್‌ನ ದೊಡ್ಡ ದಿಂಬಿನ ಕವರ್‌ಗೆ ಹಾಕಿ, ತಮ್ಮನ ಎರಡು ಟೆನಿಸ್ ಬಾಲ್‌ನ ಬಿಳಿ ಸಾಕ್ಸ್ ಒಳಗೆ ಕಟ್ಟಿ (ಬಾಲ್ ಬಣ್ಣ ಹತ್ತಬಾರದಲ್ಲ), ಕವರ್ ಬಾಯಿ ಗಂಟು ಹಾಕಿ, ಹತ್ತು ನಿಮಿಷ ಕುಲುಕಿದೆ. ಬಿಸಿಲಲ್ಲಿ ಅರ್ಧ ಗಂಟೆ ಹರಡಿದೆ. ಮತ್ತೆ ಕುಲುಕಿದೆ. ಹೀಗೆ ನಾಲ್ಕು ಸಲ. ಒದ್ದೆ ಇದ್ದಾಗ ಇದನ್ನ ಮಾಡಿದ್ರೆ ಉಪಯೋಗ ಇಲ್ಲ, ಒಣಗಿದ ಮೇಲೆ ಮಾತ್ರ ಪುಕ್ಕ ಅರಳುತ್ತೆ. ಕೊನೇ ಸಲ ಸ್ಕೇಲ್ ನಿಲ್ಲಿಸಿದ್ರೆ ನಾಲ್ಕೂವರೆ ಸೆಂಟಿಮೀಟರ್.

ಸತ್ಯ ಹೇಳ್ತೀನಿ, ಪೂರ್ತಿ ಹೊಸದರ ಹಾಗೆ ಆಗಿಲ್ಲ. ಎಡ ಭುಜದ ಹತ್ರ ಒಂದು ಪಟ್ಟಿ ಇನ್ನೂ ತೆಳ್ಳಗಿದೆ, ಜುಲೈನಲ್ಲಿ ಹಿಂಡಿದ ಕಡೆ. ಅಲ್ಲಿ ಎಳೆಗಳು ಮುರಿದಿರಬೇಕು, ಅದು ಇನ್ನು ಏಳಲ್ಲ.

ಈಗ ಅದು ಕಾಟನ್ ಚೀಲದೊಳಗೆ ಸಡಿಲವಾಗಿ ನೇತಾಡ್ತಿದೆ. ಪ್ಲಾಸ್ಟಿಕ್ ಕವರ್ ಇಲ್ಲ, ಅಮುಕಿ ತುರುಕಿದ್ದಿಲ್ಲ. ಅಕ್ಕ ಡಿಸೆಂಬರ್ 18ಕ್ಕೆ ಬರ್ತಾಳೆ. ಭುಜದ ವಿಷಯ ಅವಳಿಗೆ ಇನ್ನೂ ಹೇಳಿಲ್ಲ, ನೋಟ್‌ಬುಕ್ ತೋರಿಸಿ ನಾನೇ ಹೇಳ್ತೀನಿ. ನಿಮ್ಮಲ್ಲಿ ಯಾರಾದ್ರೂ ಅದಕ್ಕಿಂತ ಮುಂಚೆ ಅವಳಿಗೆ ಟ್ಯಾಗ್ ಮಾಡಿದ್ರೆ ನಮ್ಮನೆ ಕಾಫಿ ಬಂದ್!

ಕೊನೇ ಫೋಟೋ: ಕಣದಲ್ಲಿ ಅಪ್ಪ, ಪಕ್ಕದಲ್ಲಿ ಜಾಕೆಟ್. ಇಬ್ಬರೂ ಬಿಸಿಲು ಕಾಯಿಸ್ತಿದ್ದಾರೆ.

#ಮಾರನಹಳ್ಳಿ #ಸಕಲೇಶಪುರ #ಅಕ್ಕನ_ಜಾಕೆಟ್