ಬ್ರೇಕ್ ಒತ್ತಿದಾಗ ಮಾಯವಾಗುತ್ತಿದ್ದ ಚಿತ್ರ

ನಮ್ಮ ಮನೆ ಪೀಣ್ಯ ಎರಡನೇ ಹಂತದ ಒಂದು ಗಲ್ಲಿಯಲ್ಲಿದೆ. ಒಂದು ಬದಿಗೆ ಮನೆಗಳು, ಇನ್ನೊಂದು ಬದಿಗೆ ಲೇತ್ ಶೆಡ್‌ಗಳು, ಕೊನೆಗೆ ಗೋಡೆ. ಗಲ್ಲಿಯೊಳಗೆ ಬಂದ ಕಾರು ತಿರುಗಿಸಲು ಜಾಗವಿಲ್ಲ. ಹಾಗಾಗಿ ನಮ್ಮ ಚಾಚಾ ದಿನಾ ಬೆಳಿಗ್ಗೆ ತಮ್ಮ ಹಳೆಯ ಕಾರನ್ನು ರಸ್ತೆ ಸಿಗುವ ತನಕ ರಿವರ್ಸ್‌ನಲ್ಲೇ ತೆಗೆಯುತ್ತಾರೆ. ಕಳೆದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ ಹಾಗೆ ತೆಗೆಯುತ್ತಿದ್ದಾಗ ಹಿಂದೆ ಏನೋ ಕರಕರ ಎಂದಿತು. ಇಳಿದು ನೋಡಿದರೆ ಪಕ್ಕದ ಮನೆಯ ಮಗುವಿನ ಮೂರು ಗಾಲಿಯ ಸೈಕಲ್ ಬಂಪರ್ ಅಡಿ ನಜ್ಜುಗುಜ್ಜಾಗಿತ್ತು. ಮಗು ಎರಡು ಮಾರು ದೂರದಲ್ಲಿ ಬಿಸ್ಕತ್ತು ತಿನ್ನುತ್ತಾ ನಿಂತಿತ್ತು. ಚಾಚಾ ಅವತ್ತು ಕೆಲಸಕ್ಕೆ ಹೋಗಲಿಲ್ಲ. ಸಂಜೆ ಹೊಸ ಸೈಕಲ್ ತಂದುಕೊಟ್ಟರು. ರಾತ್ರಿ ನನ್ನನ್ನು ಕರೆದು, "ನೀನು ಎಲೆಕ್ಟ್ರಾನಿಕ್ಸ್ ಓದ್ತಾ ಇದ್ದೀಯಲ್ಲ, ಹಿಂದೆ ಒಂದು ಕ್ಯಾಮೆರಾ ಹಾಕೋಕೆ ಆಗುತ್ತಾ?" ಎಂದು ಕೇಳಿದರು.

ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿದೆ. ಚಾಚಾ ಕಾರು ಅದಕ್ಕಿಂತ ಹಳೆಯದು, ಅದರಲ್ಲಿ ಏನೂ ಇಲ್ಲ. ಅಮೆರಿಕದಲ್ಲಿ 2018ರ ಮೇ ತಿಂಗಳಿನಿಂದ ಹೊಸ ಕಾರುಗಳಿಗೆಲ್ಲ ಹಿಂಬದಿಯ ಕ್ಯಾಮೆರಾವೇ ಕಡ್ಡಾಯ. ಅದಕ್ಕೆ ಕಾರಣವಾದ ಕಾನೂನಿಗೆ ಕ್ಯಾಮೆರಾನ್ ಗುಲ್‌ಬ್ರಾನ್ಸನ್ ಎಂಬ ಎರಡು ವರ್ಷದ ಮಗುವಿನ ಹೆಸರಿದೆ. 2002ರಲ್ಲಿ ಮನೆಯ ಮುಂದೆಯೇ ಕಾರು ಹಿಂದಕ್ಕೆ ತೆಗೆಯುವಾಗ ಆ ಮಗು ತಂದೆಗೆ ಕಾಣಿಸಲಿಲ್ಲ. ತಂದೆ ಮಕ್ಕಳ ವೈದ್ಯರು. ಅದನ್ನು ಓದಿದ ಮೇಲೆ ಆಗಲ್ಲ ಎನ್ನುವ ಮಾತು ನನ್ನ ಬಾಯಿಂದ ಬರಲಿಲ್ಲ.

ಭಾನುವಾರ ಮೆಟ್ರೊದಲ್ಲಿ ಮಾರ್ಕೆಟ್‌ಗೆ ಹೋಗಿ, ಅಲ್ಲಿಂದ ಜೆ.ಸಿ. ರಸ್ತೆಗೆ ನಡೆದು ಒಂದು ಕಿಟ್ ತಂದೆವು. ಅದರಲ್ಲಿ ಬೆರಳ ತುದಿಯಷ್ಟು ಕ್ಯಾಮೆರಾ, ಡ್ಯಾಶ್‌ಬೋರ್ಡ್ ಮೇಲೆ ಅಂಟಿಸುವ 4.3 ಇಂಚಿನ ಸ್ಕ್ರೀನ್, ಎರಡನ್ನೂ ಸೇರಿಸುವ ಆರು ಮೀಟರ್ ಉದ್ದದ ವಿಡಿಯೊ ಕೇಬಲ್ ಇದ್ದವು. ಕೇಬಲ್‌ನ ಎರಡು ತುದಿಗೂ ಹಳದಿ ಪ್ಲಗ್, ಅದರ ಜೊತೆಗೇ ಅಂಟಿಕೊಂಡು ಬರುವ ಒಂದು ತೆಳ್ಳನೆಯ ಕೆಂಪು ವೈರ್.

ಉಪಾಯ ಸರಳವಾದದ್ದು. ಕಾರನ್ನು ರಿವರ್ಸ್ ಗೇರಿಗೆ ಹಾಕಿದರೆ ಗೇರ್‌ಬಾಕ್ಸ್‌ನಲ್ಲಿರುವ ಸ್ವಿಚ್ ಒತ್ತಿಕೊಂಡು ಹಿಂದಿನ ಬಿಳಿ ದೀಪಕ್ಕೆ 12 ವೋಲ್ಟ್ ಹೋಗುತ್ತದೆ. ಆ ದೀಪದ ವೈರಿಗೇ ಕ್ಯಾಮೆರಾ ಸೇರಿಸಿದರೆ ಬೇರೆ ಸ್ವಿಚ್ ಬೇಡ. ಅದೇ 12 ವೋಲ್ಟನ್ನು ಕೆಂಪು ವೈರ್ ಮೂಲಕ ಮುಂದಕ್ಕೆ ಒಯ್ದರೆ ಸ್ಕ್ರೀನ್ ಕೂಡ ಜೊತೆಗೇ ಹತ್ತಿಕೊಳ್ಳುತ್ತದೆ. ದೀಪದ ವೈರ್ ಈ ಹೊರೆ ತಡೆಯುತ್ತದೆಯೇ ಎಂದು ಲೆಕ್ಕ ಹಾಕಿದೆ. ರಿವರ್ಸ್ ಬಲ್ಬ್ 21 ವ್ಯಾಟ್, ಅಂದರೆ ಸುಮಾರು 1.75 ಆಂಪಿಯರ್. ಕ್ಯಾಮೆರಾ ಮತ್ತು ಸ್ಕ್ರೀನ್ ಎರಡೂ ಸೇರಿ ಅರ್ಧ ಆಂಪಿಯರ್ ಕೂಡ ಆಗುವುದಿಲ್ಲ. ತಡೆಯುತ್ತದೆ.

ಮೊದಲ ಕೆಲಸ ಸರಿಯಾದ ವೈರ್ ಹುಡುಕುವುದು. ಡಿಕ್ಕಿಯ ಒಳಗಿನ ಹೊದಿಕೆ ತೆಗೆದರೆ ಎಡಗಡೆ ದೀಪದ ಕನೆಕ್ಟರ್ ಸಿಕ್ಕಿತು. ಅದರಲ್ಲಿ ಹಲವು ಬಣ್ಣದ ವೈರ್‌ಗಳು. ಬಣ್ಣ ನಂಬಬಾರದು, ಮೀಟರ್ ನಂಬಬೇಕು. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ಆನ್ ಮಾಡಿ ಚಾಚಾ ಸೀಟಿನಲ್ಲಿ ಕುಳಿತರು. ನಾನು ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಒಂದೊಂದೇ ವೈರ್ ಮುಟ್ಟುತ್ತಾ, "ಪಾರ್ಕಿಂಗ್ ಲೈಟ್ ಹಾಕಿ, ಇಂಡಿಕೇಟರ್ ಹಾಕಿ, ಈಗ ರಿವರ್ಸ್" ಎಂದು ಕೂಗುತ್ತಿದ್ದೆ. ರಿವರ್ಸ್ ಹಾಕಿದಾಗ ಮಾತ್ರ 12.4 ವೋಲ್ಟ್, ಉಳಿದಾಗಲೆಲ್ಲ ಸೊನ್ನೆ ತೋರಿಸಿದ ಒಂದೇ ಒಂದು ವೈರ್ ಸಿಕ್ಕಿತು.

ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟೆವು. ದೀಪದ ವೈರನ್ನು ಕತ್ತರಿಸದೆ ಅದರ ಹೊದಿಕೆ ಅರ್ಧ ಇಂಚು ಸುಲಿದು, ಕ್ಯಾಮೆರಾದ ಕೆಂಪು ವೈರ್ ಸುತ್ತಿ, ಬೆಸುಗೆ ಹಾಕಿ ಮುಚ್ಚಿದೆ. ನಡುವೆ 1 ಆಂಪಿಯರ್ ಫ್ಯೂಸ್ ಇಟ್ಟೆ. ನಮ್ಮ ವೈರ್ ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ನಮ್ಮ ಫ್ಯೂಸ್ ಹೋಗಬೇಕು, ರಿವರ್ಸ್ ದೀಪ ಹೋಗಬಾರದು ಎಂಬುದು ಅದರ ಉದ್ದೇಶ. ಕ್ಯಾಮೆರಾದ ಕಪ್ಪು ವೈರ್ ಅರ್ತ್‌ಗೆ ಹೋಗಬೇಕು. ಅದು ಗಿಡ್ಡವಿತ್ತು. ಪಕ್ಕದಲ್ಲೇ ದೀಪದ ಕಪ್ಪು ವೈರ್ ಇತ್ತಲ್ಲ, ಅದೂ ಅರ್ತ್ ತಾನೇ ಎಂದು ಅದಕ್ಕೇ ಸೇರಿಸಿಬಿಟ್ಟೆ. ಈ ಒಂದು ವಾಕ್ಯ ನೆನಪಿಟ್ಟುಕೊಳ್ಳಿ. ಕೇಬಲನ್ನು ಬಾಗಿಲ ಕೆಳಗಿನ ಪಟ್ಟಿಯ ಅಡಿಯಲ್ಲಿ ಮುಂದಕ್ಕೆ ತಂದು ಸ್ಕ್ರೀನಿಗೆ ಸೇರಿಸಿದೆವು. ಸ್ಕ್ರೀನಿನ ಕಪ್ಪು ವೈರನ್ನು ಡ್ಯಾಶ್‌ಬೋರ್ಡ್ ಕೆಳಗಿನ ಬಾಡಿ ಬೋಲ್ಟಿಗೆ ಕಟ್ಟಿದೆ. ಕೀಲಿ ತಿರುಗಿಸಿ ರಿವರ್ಸ್ ಹಾಕಿದರೆ ಹಿಂದಿನ ಗಲ್ಲಿ, ಚಪ್ಪಲಿ, ಬೆಕ್ಕು ಎಲ್ಲವೂ ಸ್ಪಷ್ಟ! ಅಮ್ಮಿ ಎಲ್ಲರಿಗೂ ಚಹಾ ಮಾಡಿಕೊಟ್ಟರು.

ಮರುದಿನ ಬೆಳಿಗ್ಗೆ ಚಾಚಾ ಮುಖ ಸಪ್ಪಗೆ ಮಾಡಿಕೊಂಡು ಬಂದರು. "ಚಿತ್ರ ಬರುತ್ತೆ, ಆದ್ರೆ ಬೇಕಾದಾಗಲೇ ಹೋಗುತ್ತೆ" ಎಂದರು. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಸ್ಕ್ರೀನ್ ಆರಿಹೋಗುತ್ತಿರಲಿಲ್ಲ, ಬೆಳಗುತ್ತಲೇ ಇತ್ತು. ಆದರೆ ಅವರು ಬ್ರೇಕ್ ಒತ್ತಿದ ಕ್ಷಣ ಚಿತ್ರ ಉರುಳಿ, ಅಡ್ಡ ಗೆರೆಗಳಾಗಿ ಚದುರಿಹೋಗುತ್ತಿತ್ತು. ಬ್ರೇಕ್ ಬಿಟ್ಟರೆ ಮತ್ತೆ ಸರಿ. ಹಿಂದೆ ಏನೋ ಇದೆ ಎಂದು ಅನಿಸಿದಾಗಲೇ ತಾನೇ ನಾವು ಬ್ರೇಕ್ ಒತ್ತುವುದು? ಯಾವ ಕ್ಷಣಕ್ಕಾಗಿ ಕ್ಯಾಮೆರಾ ಹಾಕಿದ್ದೆವೋ ಆ ಕ್ಷಣದಲ್ಲೇ ಅದು ಕುರುಡಾಗುತ್ತಿತ್ತು.

ನಾವು ಪರೀಕ್ಷೆ ಮಾಡಿದಾಗ ಹ್ಯಾಂಡ್‌ಬ್ರೇಕ್ ಎಳೆದಿದ್ದೆವು, ಎಂಜಿನ್ ಆಫ್ ಇತ್ತು. ಕಾಲಿನ ಬ್ರೇಕ್ ಯಾರೂ ಮುಟ್ಟಿರಲಿಲ್ಲ. ಕಾರು ನಿಜವಾಗಿ ಓಡುವ ಸ್ಥಿತಿಯಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ.

ಕಿಟ್ ಕೆಟ್ಟಿದೆ ಎಂದು ವಾಪಸ್ ಕೊಡಲು ಹೊರಟಿದ್ದೆವು. ನಮ್ಮ ರಸ್ತೆಯ ಆಟೊ ಎಲೆಕ್ಟ್ರಿಷಿಯನ್ ಅಣ್ಣ ಕಾರಿನ ಹಿಂದೆ ನಿಂತು ಚಾಚಾಗೆ, "ಭಾಯ್, ಒಂದ್ಸಲ ಬ್ರೇಕ್ ಒತ್ತಿ" ಎಂದರು. ಒತ್ತಿದಾಗ ಎಡಗಡೆಯ ಬಿಳಿ ದೀಪ ಸ್ವಲ್ಪ ಮಂಕಾಯಿತು. "ನೋಡಿದ್ಯಾ? ಇದಕ್ಕೆ ಅರ್ತ್ ಸರಿಯಾಗಿ ಹಿಡೀತಿಲ್ಲ" ಎಂದು ಹೇಳಿ ತಮ್ಮ ಕೆಲಸಕ್ಕೆ ಹೋದರು.

ನಾನು ವಿಡಿಯೊ ಪ್ಲಗ್ ಕಿತ್ತಿಟ್ಟು ಮೀಟರ್ ತಂದೆ. ಈ ಸಲ 12 ವೋಲ್ಟ್ ಹುಡುಕಲಿಲ್ಲ. ಒಂದು ಕಡ್ಡಿಯನ್ನು ದೀಪದ ಕಪ್ಪು ವೈರಿಗೆ, ಇನ್ನೊಂದನ್ನು ಬಾಡಿಯ ಬರಿಯ ಲೋಹಕ್ಕೆ ಇಟ್ಟೆ. ಎರಡೂ ಅರ್ತ್ ಆಗಿದ್ದರೆ ನಡುವೆ ಹೆಚ್ಚುಕಡಿಮೆ ಸೊನ್ನೆ ಇರಬೇಕು. ರಿವರ್ಸ್ ಹಾಕಿದಾಗ 0.8 ವೋಲ್ಟ್ ಬಂತು. ಬ್ರೇಕ್ ಒತ್ತಿದಾಗ 1.6.

ನಾವು ಪ್ರಥಮ ವರ್ಷದಿಂದ ಬರೆಯುತ್ತಿರುವ ಓಮ್‌ನ ನಿಯಮ ಇಲ್ಲಿ ಕಣ್ಣೆದುರಿಗೇ ಇತ್ತು. ರಿವರ್ಸ್ ಬಲ್ಬಿನ ಸುಮಾರು 1.7 ಆಂಪಿಯರ್ ಆ ಕಪ್ಪು ವೈರ್ ಮೂಲಕವೇ ಬಾಡಿಗೆ ಮರಳಬೇಕು. 0.8 ವೋಲ್ಟನ್ನು 1.7 ಆಂಪಿಯರ್‌ನಿಂದ ಭಾಗಿಸಿದರೆ ಸುಮಾರು ಅರ್ಧ ಓಮ್. ಅಂದರೆ ದಾರಿಯಲ್ಲಿ ಎಲ್ಲೋ ಅರ್ಧ ಓಮ್ ಪ್ರತಿರೋಧ ಕುಳಿತಿದೆ. ಬ್ರೇಕ್ ಬಲ್ಬ್ ಕೂಡ 21 ವ್ಯಾಟ್, ಅದಕ್ಕೂ ಅದೇ ಕಪ್ಪು ವೈರ್. ಎರಡೂ ಒಟ್ಟಿಗೆ ಉರಿದರೆ ಕರೆಂಟ್ ಸುಮಾರು ಎರಡರಷ್ಟು, ವೋಲ್ಟೇಜ್ ಕೂಡ ಎರಡರಷ್ಟು. ಮೀಟರ್ ಹೇಳಿದ್ದೂ ಅದನ್ನೇ.

1.6 ವೋಲ್ಟ್ ಕಡಿಮೆಯಾದರೂ ಕ್ಯಾಮೆರಾಗೆ ಬೇಕಾದಷ್ಟು ವೋಲ್ಟ್ ಉಳಿದಿರುತ್ತದೆ. ತೊಂದರೆ ಅಲ್ಲಿ ಅಲ್ಲ, ಚಿತ್ರದ ಸಿಗ್ನಲ್‌ನಲ್ಲಿ. ಈ ಬಗೆಯ ವಿಡಿಯೊ ಸಿಗ್ನಲ್‌ನ ಇಡೀ ಏರಿಳಿತ ಕೇವಲ 1 ವೋಲ್ಟ್. ಕಪ್ಪಿನಿಂದ ಬಿಳಿಯವರೆಗಿನ ಎಲ್ಲವೂ, ಒಂದೊಂದು ಸಾಲು ಎಲ್ಲಿ ಶುರು ಎಂಬ ಗುರುತೂ ಅದರೊಳಗೇ. ಅದನ್ನು ಅಳೆಯುವುದು ಅರ್ತ್‌ಗೆ ಹೋಲಿಸಿ. ಸ್ಕ್ರೀನಿನ ಅರ್ತ್ ಮುಂದಿನ ಗಟ್ಟಿ ಬೋಲ್ಟಿನಲ್ಲಿದೆ, ಕ್ಯಾಮೆರಾದ ಅರ್ತ್ ಹಿಂದಿನ ಕೆಟ್ಟ ವೈರಿನಲ್ಲಿದೆ. ಇವೆರಡನ್ನೂ ವಿಡಿಯೊ ಕೇಬಲ್‌ನ ಹೊರ ಜಾಲರಿ ಸೇರಿಸುತ್ತದೆ. ಹಾಗಾಗಿ ಸರಿಯಾದ ದಾರಿ ಸಿಗದ ಬ್ರೇಕ್ ದೀಪದ ಕರೆಂಟಿನ ಒಂದು ಪಾಲು ನಮ್ಮ ಕೇಬಲ್ ಮೂಲಕ ಮುಂದಕ್ಕೆ ಹೋಗಿ ಅರ್ತ್ ಸೇರುತ್ತಿತ್ತು. ಎಂಜಿನ್ ಓಡುತ್ತಿರುವಾಗ ಸಡಿಲವಾದ ಸಂಪರ್ಕ ಅದುರಿ ಆ ಕರೆಂಟ್ ಕ್ಷಣಕ್ಷಣವೂ ಏರಿಳಿಯುತ್ತದೆ. ಆಗ ಸಾಲಿನ ಗುರುತು ತಪ್ಪಿ ಚಿತ್ರ ಉರುಳುತ್ತದೆ.

ಕಪ್ಪು ವೈರನ್ನು ಹಿಂಬಾಲಿಸಿಕೊಂಡು ಹೋದೆ. ಡಿಕ್ಕಿಯ ಮ್ಯಾಟ್ ಅಡಿಯಲ್ಲಿ, ಮಳೆನೀರು ಇಳಿಯುವ ಮೂಲೆಯಲ್ಲಿ ಒಂದು ಬೋಲ್ಟ್. ಅದರ ಕೆಳಗಿನ ಉಂಗುರ ತುಕ್ಕು ಹಿಡಿದು ಕೆಂಪಾಗಿತ್ತು. ಬಿಚ್ಚಿ, ಉಪ್ಪುಕಾಗದದಿಂದ ಉಂಗುರವನ್ನೂ ಬಾಡಿಯನ್ನೂ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಿದೆ. ಕ್ಯಾಮೆರಾದ ಕಪ್ಪು ವೈರನ್ನು ದೀಪದಿಂದ ಬಿಡಿಸಿ, ಉದ್ದ ಮಾಡಿ, ಬಾಡಿಯ ಬೇರೊಂದು ಬೋಲ್ಟಿಗೆ ಕಟ್ಟಿದೆ. ಮತ್ತೆ ಅಳೆದಾಗ ಬ್ರೇಕ್ ಒತ್ತಿದರೂ 0.05 ವೋಲ್ಟ್ ದಾಟಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ, ಬ್ರೇಕ್ ಹತ್ತು ಸಲ ಒತ್ತಿಸಿದೆ. ಚಿತ್ರ ಅಲುಗಲಿಲ್ಲ.

ಕಾರಿನ ಹಿಂದೆ ನಿಂತಿದ್ದ ಅಬ್ಬಾ ಆಗ, "ಎಡಗಡೆ ಬ್ರೇಕ್ ಲೈಟ್ ಇಷ್ಟು ಜೋರಾಗಿ ಉರಿದಿದ್ದು ನಾನು ನೋಡೇ ಇಲ್ಲ" ಎಂದರು. ಆ ದೀಪ ಎಷ್ಟು ಮಳೆಗಾಲದಿಂದ ಮಂಕಾಗಿತ್ತೋ. ತುಮಕೂರು ರಸ್ತೆಯ ಲಾರಿಗಳ ನಡುವೆ ರಾತ್ರಿ ಪಾಳಿ ಮುಗಿಸಿ ಬರುವ ಚಾಚಾರ ಹಿಂದೆ ಇದ್ದವರಿಗೆ ಅಷ್ಟೂ ದಿನ ಅರ್ಧ ಬ್ರೇಕ್ ಮಾತ್ರ ಕಾಣುತ್ತಿತ್ತು. ಕ್ಯಾಮೆರಾ ಹಾಕದಿದ್ದರೆ ಅದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಮನೆಯಲ್ಲಿ ಮಾಡಿ ನೋಡುವವರಿಗೆ ಒಂದು ಎಚ್ಚರಿಕೆ. ಇದು ಹಳೆಯ, ಸಾದಾ ಬಲ್ಬಿನ ಕಾರಿನ ಕಥೆ. ಹೊಸ ಕಾರುಗಳಲ್ಲಿ ದೀಪಗಳನ್ನು ಕಂಪ್ಯೂಟರ್ ನಡೆಸುವುದುಂಟು. ಅಲ್ಲಿ ದೀಪಕ್ಕೆ ಹೋಗುವುದು ನೇರ 12 ವೋಲ್ಟ್ ಆಗಿರದೆ, ವೇಗವಾಗಿ ಆನ್ ಆಫ್ ಆಗುವ ತುಣುಕುಗಳಾಗಿರಬಹುದು. ಕ್ಯಾಮೆರಾ ಮಿನುಗುತ್ತದೆ, ಕಾರು ಬಲ್ಬ್ ಕೆಟ್ಟಿದೆ ಎಂದು ಎಚ್ಚರಿಸಲೂಬಹುದು. ಅಂಥ ಕಾರಿನ ವೈರ್ ಸುಲಿಯದೆ ತಿಳಿದವರಿಗೆ ಕೊಡುವುದು ಒಳ್ಳೆಯದು.

ಕ್ಯಾಮೆರಾಕ್ಕೂ ಮಿತಿಯಿದೆ. ಗೇರ್ ಹಾಕಿದ ಮೇಲೆ ಚಿತ್ರ ಬರಲು ಒಂದೆರಡು ಸೆಕೆಂಡ್ ಬೇಕು, ಮಳೆಹನಿ ಕುಳಿತರೆ ಮಸುಕು, ಪಕ್ಕದಿಂದ ಓಡಿಬರುವವರು ಕೊನೆಗೆ ಕಾಣುತ್ತಾರೆ. ಚಾಚಾ ಈಗಲೂ ಮೊದಲು ಕಾರಿನ ಹಿಂದೆ ಹೋಗಿ ಬಗ್ಗಿ ನೋಡುತ್ತಾರೆ. ಆಮೇಲೆ ಕುಳಿತು, ರಿವರ್ಸ್ ಹಾಕಿ, ಬ್ರೇಕ್ ಒತ್ತಿಕೊಂಡೇ ಚಿತ್ರ ಬರುವ ತನಕ ಕಾಯುತ್ತಾರೆ. ಹೊಸ ಸೈಕಲ್‌ನ ಹುಡುಗ ಆ ಹೊತ್ತಿಗೆ ತನ್ನ ಮನೆಯ ಮೆಟ್ಟಿಲ ಮೇಲೆ ನಿಂತು ಕೈ ಬೀಸುತ್ತಿರುತ್ತಾನೆ. ಅದು ಸ್ಕ್ರೀನಿನಲ್ಲಿ ಕಾಣುತ್ತದೆ.