ಎರವಲಿನ ಅಂತರಜಾಲ

ಕಾಸರಗೋಡಿನ ಒಳನಾಡಿನಲ್ಲಿರುವ ನಮ್ಮ ಮನೆಗೆ ಕೇಬಲ್ಲಿನ ಅಂತರಜಾಲ ಇನ್ನೂ ತಲುಪಿಲ್ಲ. ಕಿರುಪ್ರಬಂಧದ ಓದು, ಬರಹ, ಸಲ್ಲಿಕೆ ಎಲ್ಲವೂ ನಡೆಯುವುದು ಮೊಬೈಲಿಗೆ ದಿನವೊಂದಕ್ಕೆ ದೊರೆಯುವ 1.5 ಜಿಬಿ ಡೇಟಾದಲ್ಲಿ. ಅದು ಮುಗಿದರೆ ವೇಗವು 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಗ್ರಂಥವೊಂದು 80 ಎಂಬಿ ಇದ್ದರೆ, ಆ ವೇಗದಲ್ಲಿ ಅದು ಇಳಿಯಲು ಸುಮಾರು ಮೂರು ಗಂಟೆ ಬೇಕು. ನಾಳೆ ಪ್ರಬಂಧ ಒಪ್ಪಿಸಬೇಕಾದವರಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಡೇಟಾವನ್ನು ಮುಗಿಸುವುದು ಇಂತಹ ಗ್ರಂಥಗಳಲ್ಲ. 1.5 ಜಿಬಿಯಲ್ಲಿ ಅಂಥ ಹದಿನೆಂಟು ಗ್ರಂಥಗಳು ಹಿಡಿಸುತ್ತವೆ. ತನ್ನ ಡೇಟಾಕ್ಕೆ ಅಳತೆಯಿದೆಯೆಂದು ಫೋನು ಬಲ್ಲದು. ಹಾಟ್‌ಸ್ಪಾಟಿನಿಂದ ಅದನ್ನು ಪಡೆಯುವ ಲ್ಯಾಪ್‌ಟಾಪ್ ಅರಿಯದು. ಅದರ ಪಾಲಿಗೆ ಇದೂ ಮತ್ತೊಂದು ವೈಫೈ. ಆದ್ದರಿಂದ ನಾವು ಒಂದು ಪುಟ ಓದುತ್ತಿರುವಾಗಲೇ ಅದು ವಿಂಡೋಸಿನ ನವೀಕರಣಗಳನ್ನು ತರಿಸಿಕೊಳ್ಳತೊಡಗುತ್ತದೆ, ಚಿತ್ರಗಳನ್ನು ಒನ್‌ಡ್ರೈವಿಗೆ ಏರಿಸುತ್ತದೆ.

ಅಳತೆಯ ವಿಷಯವನ್ನು ಲ್ಯಾಪ್‌ಟಾಪಿಗೂ ತಿಳಿಸಬೇಕು. ಆಂಡ್ರಾಯ್ಡ್ ಫೋನಿನ `Settings` ಒಳಗೆ ಹಾಟ್‌ಸ್ಪಾಟನ್ನು ತೆರೆದು, ಗುಪ್ತಪದವಿಟ್ಟು, ಚಾಲೂ ಮಾಡುತ್ತೇನೆ. ಲ್ಯಾಪ್‌ಟಾಪ್ ಸೇರಿಕೊಂಡ ಕೂಡಲೇ, ಬ್ರೌಸರ್ ತೆರೆಯುವುದಕ್ಕೂ ಮುನ್ನ, ಅದರ `Settings`ನಲ್ಲಿ `Network & internet`, ಬಳಿಕ `Wi-Fi`, ಅಲ್ಲಿ ಈ ಸಂಪರ್ಕದ ಗುಣಲಕ್ಷಣಗಳ ಪುಟಕ್ಕೆ ಹೋಗಿ `Metered connection` ಎಂಬುದನ್ನು ಚಾಲೂ ಮಾಡುತ್ತೇನೆ. ಒಮ್ಮೆ ಮಾಡಿದರೆ ಸಾಕು. ಆ ಹೆಸರಿನ ಹಾಟ್‌ಸ್ಪಾಟಿಗೆ ಅದು ನೆನಪಿರುತ್ತದೆ. ಅಣ್ಣನ ಫೋನಿಗೆ ಸೇರಿದಾಗ ಮಾತ್ರ ಹೊಸದಾಗಿ ಹೇಳಬೇಕು. ಯುಎಸ್‌ಬಿ ತಂತಿಯಿಂದ ಜೋಡಿಸಿದರೂ ಅಷ್ಟೇ: ಆಗ ಸಂಪರ್ಕವು `Ethernet` ಎಂಬ ಶೀರ್ಷಿಕೆಯಡಿ ಕಾಣಿಸಿಕೊಳ್ಳುತ್ತದೆ.

ಈ ಗುಂಡಿಯು ಬೇಲಿಯಲ್ಲ, ಕೋರಿಕೆ ಮಾತ್ರ. ವಿಂಡೋಸ್ ನವೀಕರಣವು ಬಹುಮಟ್ಟಿಗೆ ಕೋರಿಕೆಯನ್ನು ಮನ್ನಿಸಿ ಸುಮ್ಮನಾಗುತ್ತದೆ. ಒನ್‌ಡ್ರೈವ್ ತಡೆದು ನಿಲ್ಲುತ್ತದೆ. ಬ್ರೌಸರಿನಲ್ಲಿ ಓಡುವ ವಿಡಿಯೋ ಕಿವಿಗೊಡುವುದಿಲ್ಲ. ಯಕ್ಷಗಾನದ ತಾಳಮದ್ದಳೆಯನ್ನು ಕೇಳುವಾಗ ವಿಡಿಯೋದ ಗುಣಮಟ್ಟವನ್ನು ನಾನೇ 144ಪಿಗೆ ಇಳಿಸುತ್ತೇನೆ. ಅರ್ಥಗಾರಿಕೆಗೆ ಚಿತ್ರದ ಹಂಗೇನು?

ನಿಜವಾದ ಬೇಲಿ ಇರುವುದು ಫೋನಿನಲ್ಲಿ. ಕೆಲವು ಫೋನುಗಳ ಹಾಟ್‌ಸ್ಪಾಟ್ ಪುಟದಲ್ಲಿಯೇ ಮಿತಿಯನ್ನು ಬರೆಯಬಹುದು; ನಾನು 700 ಎಂಬಿ ಎಂದಿಟ್ಟಿದ್ದೇನೆ. ಅದು ತುಂಬಿದೊಡನೆ ಹಂಚಿಕೆ ನಿಲ್ಲುತ್ತದೆ, ಫೋನಿನ ಪಾಲು ಉಳಿಯುತ್ತದೆ. ಆಂಡ್ರಾಯ್ಡಿನ ಸಾಮಾನ್ಯ ಡೇಟಾ ಮಿತಿ ಬೇರೆಯೇ: ಅದು ತುಂಬಿದರೆ ಫೋನಿನ ಡೇಟಾವೇ ಬಂದಾಗುತ್ತದೆ, ಲೆಕ್ಕವೂ ತಿಂಗಳಿನದು.

ಸೋರಿಕೆಯ ಸಂಶಯ ಬಂದಾಗ ಫೋನಿನ ಲೆಕ್ಕ ನೋಡಿ ಪ್ರಯೋಜನವಿಲ್ಲ. ಅಲ್ಲಿ ಹಾಟ್‌ಸ್ಪಾಟಿನದೆಲ್ಲ ಒಂದೇ ಸಾಲಿನಲ್ಲಿರುತ್ತದೆ. ಯಾವ ತಂತ್ರಾಂಶ ಎಷ್ಟು ಕಬಳಿಸಿತೆಂಬುದು ಲ್ಯಾಪ್‌ಟಾಪಿನ `Data usage` ಪುಟದಲ್ಲಿ ಹೆಸರುಹೆಸರಾಗಿ ಸಿಗುತ್ತದೆ.